ಬಲಬದಿಯ ವಿಂಗರ್ ಒಳಕ್ಕೆ ತಿರುಗಬೇಕೇ, ಗೆರೆ ಹಿಡಿದು ಓಡಬೇಕೇ: ಎದುರಾಳಿಯ ಕಡೆಯಿಂದ ಒಂದು ಹೋಲಿಕೆ

ಕಾಲೇಜಿನ ಫುಟ್ಬಾಲ್ ತಂಡ ಕಟ್ಟುವಾಗ ಚುರುಕಾದ ಎಡಗಾಲಿನ ಹುಡುಗನೊಬ್ಬ ಸಿಕ್ಕರೆ, ಅವನನ್ನು ಎಡಬದಿಯಲ್ಲಿ ಆಡಿಸಬೇಕೋ ಬಲಬದಿಯಲ್ಲಿ ಆಡಿಸಬೇಕೋ ಎಂಬ ಪ್ರಶ್ನೆ ಆ ದಿನವೇ ಏಳುತ್ತದೆ. ಎಡಬದಿಯಲ್ಲಿ ನಿಲ್ಲಿಸಿದರೆ ಅವನು ಬದಿಗೆರೆಯ ಪಕ್ಕದಲ್ಲೇ ಓಡಿ, ಗೋಲ್ ಗೆರೆಯ ಹತ್ತಿರ ಹೋಗಿ, ಪಳಗಿದ ಕಾಲಿನಿಂದಲೇ ಕ್ರಾಸ್ ಹಾಕಬಲ್ಲ. ಬಲಬದಿಯಲ್ಲಿ ನಿಲ್ಲಿಸಿದರೆ ಅದೇ ಹುಡುಗ ಒಳಕ್ಕೆ ತಿರುಗಿ, ಚೆಂಡನ್ನು ಎಡಗಾಲಿಗೆ ತಂದುಕೊಂಡು, ಗೋಲಿನತ್ತ ನೇರವಾಗಿ ಹೊಡೆಯಬಲ್ಲ. ಕಲಬುರಗಿಯಲ್ಲಿ ನಾನು ಹುಡುಗರಿಗೆ ಆಟ ಕಲಿಸುತ್ತಿರುವ ಈ ವರ್ಷಗಳಲ್ಲಿ ಬಹುಪಾಲು ಎಲ್ಲರೂ ಎರಡನೆಯದನ್ನೇ ಕೇಳುತ್ತಾರೆ. ಟಿವಿಯಲ್ಲಿ ಅವರು ಮೊಹಮದ್ ಸಲಾಹ್ ಮತ್ತು ಲಮಿನ್ ಯಮಾಲ್ ಅವರನ್ನು ನೋಡುತ್ತಾರೆ. ಭಾರತ ತಂಡದಲ್ಲಿಯೂ ಎಡಗಾಲಿನ ಲಾಲಿಯಾನ್‌ಜುವಾಲಾ ಛಾಂಗ್ಟೆ ಬಲಬದಿಯಲ್ಲಿ ಆಡುವುದನ್ನು ಕಾಣುತ್ತಾರೆ. ಆಸೆ ಸಹಜವಾದದ್ದು. ಆದರೆ ನಮ್ಮ ಹುಡುಗನಿಗೆ ಯಾವುದು ಇಷ್ಟ ಎನ್ನುವುದಕ್ಕಿಂತ, ಆ ದಿನದ ಎದುರಾಳಿಗೆ ಯಾವುದು ಕಷ್ಟ ಎನ್ನುವುದನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. ಈ ಎರಡು ಬಗೆಯ ಆಟಗಾರರು ಎದುರಾಳಿಗೆ ಕೊಡುವ ತೊಂದರೆಗಳು ಬೇರೆ ಬೇರೆ ಜಾತಿಯವು.

ಗೊಂದಲವಾಗದಿರಲೆಂದು ಇಲ್ಲಿ ನಮ್ಮ ತಂಡದ ಬಲಬದಿಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ನಮ್ಮ ವಿಂಗರ್‌ನ ಎದುರಿಗೆ ನಿಲ್ಲುವವನು ಎದುರಾಳಿಯ ಲೆಫ್ಟ್ ಬ್ಯಾಕ್. ಅವನ ಒಳಮಗ್ಗುಲಿಗೆ, ಗೋಲಿನ ಎದುರು ನಡುವೆ ಕಾಯುವ ಒಬ್ಬ ಸ್ಟಾಪರ್, ಇವರಿಬ್ಬರ ಮುಂದೆ ಒಬ್ಬ ಮಿಡ್‌ಫೀಲ್ಡರ್ ಇರುತ್ತಾರೆ. ಎಡಬದಿಯಲ್ಲಿ ಇದೆಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತದೆ ಎಂದು ಓದುಗರು ತಿಳಿದರೆ ಸಾಕು.

ಯಾರ ಪಾಲು, ಎಷ್ಟು ದೂರ

ಒಳಕ್ಕೆ ತಿರುಗುವ ವಿಂಗರ್ ಎದುರಾಳಿಯ ಮುಂದೆ ಇಡುವ ಪ್ರಶ್ನೆ ‘ಇವನು ಯಾರ ಪಾಲು’ ಎಂಬುದು. ಅವನು ಗೆರೆಯ ಬಳಿ ಚೆಂಡು ಪಡೆದಾಗ ಲೆಫ್ಟ್ ಬ್ಯಾಕ್‌ನ ಪಾಲು; ಆ ಬಗ್ಗೆ ಯಾರಿಗೂ ಸಂಶಯವಿಲ್ಲ. ಅಲ್ಲಿಂದ ಅಡ್ಡಲಾಗಿ ನಾಲ್ಕೈದು ಹೆಜ್ಜೆ ಒಳಗೆ ಬಂದನೆಂದರೆ, ಲೆಫ್ಟ್ ಬ್ಯಾಕ್, ಸ್ಟಾಪರ್ ಮತ್ತು ಮಿಡ್‌ಫೀಲ್ಡರ್ ಈ ಮೂವರ ನಡುವಿನ ತ್ರಿಕೋನದೊಳಗೆ ಸೇರುತ್ತಾನೆ. ಲೆಫ್ಟ್ ಬ್ಯಾಕ್ ಬೆನ್ನುಹತ್ತಿ ಬಂದರೆ ಗೆರೆಯ ಪಕ್ಕದ ದಾರಿ ಖಾಲಿಯಾಗುತ್ತದೆ. ಅವನು ನಿಂತಲ್ಲೇ ನಿಂತರೆ ಮಿಡ್‌ಫೀಲ್ಡರ್ ಬಂದು ತಡೆಯಬೇಕು. ಆಗ ಮಿಡ್‌ಫೀಲ್ಡರ್ ಕಾಯುತ್ತಿದ್ದ ಆಳು ಬಿಡುವಾಗುತ್ತಾನೆ. ಇಬ್ಬರೂ ಬಾರದೆ ಸ್ಟಾಪರ್ ಮುಂದೆ ಬಂದರೆ ಅವನ ಬೆನ್ನ ಹಿಂದೆ ನಮ್ಮ ಸ್ಟ್ರೈಕರ್ ಒಂಟಿಯಾಗಿ ಉಳಿಯುತ್ತಾನೆ. ಯಾವ ಉತ್ತರವಾದರೂ ಒಂದು ಬಾಗಿಲನ್ನು ತೆರೆಯುತ್ತದೆ. ಮೂವರೂ ಒಂದೇ ಉತ್ತರವನ್ನು ಒಂದೇ ಕ್ಷಣದಲ್ಲಿ ಒಪ್ಪಿಕೊಂಡಿದ್ದರೆ ಮಾತ್ರ ಆ ಬಾಗಿಲು ಚಿಕ್ಕದಾಗಿರುತ್ತದೆ.

2024ರ ಜುಲೈ 9ರಂದು ಮ್ಯೂನಿಕ್‌ನಲ್ಲಿ ನಡೆದ ಯುರೋ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಯಮಾಲ್ ಹೊಡೆದ ಗೋಲನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಬಾಕ್ಸ್‌ನ ಹೊರಗೆ ಚೆಂಡು ಅವರ ಎಡಗಾಲಿಗೆ ಬಂದ ಹೊತ್ತಿನಲ್ಲಿ ಎದುರಿಗೆ ನಿಂತಿದ್ದವರು ಲೆಫ್ಟ್ ಬ್ಯಾಕ್ ಅಲ್ಲ, ಮಿಡ್‌ಫೀಲ್ಡರ್ ಆಡ್ರಿಯನ್ ರಾಬಿಯೊ. ಒದ್ದ ಚೆಂಡು ಬಾಗುತ್ತ ಹೋಗಿ ದೂರದ ಕಂಬಕ್ಕೆ ತಾಗಿ ಒಳಸೇರಿತು. ಹೊಡೆತದ ಸೊಗಸನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಆ ಹೊಡೆತಕ್ಕೆ ಬೇಕಾದ ಒಂದೆರಡು ಗಜದ ಜಾಗ ಸಿಕ್ಕಿದ್ದು, ವಿಂಗರ್‌ನನ್ನು ತಡೆಯುವ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದ ಜಾಗದಲ್ಲಿ ಎಂಬುದನ್ನು ನಮ್ಮ ಹುಡುಗರು ಗಮನಿಸುವುದಿಲ್ಲ.

ಗೆರೆ ಹಿಡಿದು ನಿಲ್ಲುವ ವಿಂಗರ್‌ನ ಪ್ರಶ್ನೆ ಬೇರೆ. ಅವನು ಯಾರ ಪಾಲು ಎಂಬುದು ಕೊನೆಯವರೆಗೂ ಸ್ಪಷ್ಟವಾಗಿರುತ್ತದೆ. ಲೆಫ್ಟ್ ಬ್ಯಾಕ್ ಕೇಳಿಕೊಳ್ಳಬೇಕಾದದ್ದು ‘ಇವನಿಗಾಗಿ ನಾನು ಎಷ್ಟು ದೂರ ಹೋಗಲಿ’ ಎಂಬುದನ್ನು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸಾಮಾನ್ಯವಾಗಿ ಕಾಣುವ 68 ಮೀಟರ್ ಅಗಲದ ಮೈದಾನದಲ್ಲಿ ಬದಿಗೆರೆ ನಟ್ಟನಡುವಿನಿಂದ 34 ಮೀಟರ್ ದೂರದಲ್ಲಿರುತ್ತದೆ. ಲೆಫ್ಟ್ ಬ್ಯಾಕ್ ಗೆರೆಯವರೆಗೆ ಹೋಗಿ ವಿಂಗರ್‌ಗೆ ಅಂಟಿಕೊಂಡರೆ, ಗೋಲಿನ ಎದುರು ನಿಂತ ಸ್ಟಾಪರ್‌ಗೂ ಅವನಿಗೂ ನಡುವೆ 20 ಮೀಟರಿಗಿಂತ ಹೆಚ್ಚಿನ ಬಯಲು ಉಂಟಾಗುತ್ತದೆ. ನಮ್ಮ ಮಿಡ್‌ಫೀಲ್ಡರ್ ಓಡಿಬರಲು ಅದು ಸಾಕು. ಅವನು ಸ್ಟಾಪರ್‌ನ ಹತ್ತಿರವೇ ಉಳಿದರೆ ವಿಂಗರ್ ಚೆಂಡನ್ನು ಗೋಲಿಗೆ ಮುಖಮಾಡಿ, ಯಾರ ಒತ್ತಡವೂ ಇಲ್ಲದೆ ಪಡೆದು, ವೇಗ ಕೂಡಿಸಿಕೊಂಡು ಬರುತ್ತಾನೆ. ಇಲ್ಲಿ ಮೂವರ ಒಪ್ಪಂದದ ಮಾತಿಲ್ಲ. ಒಬ್ಬನ ಕಾಲು, ಅವನ ಉಸಿರು, ಅವನ ಧೈರ್ಯ ಇವುಗಳ ಪರೀಕ್ಷೆ ಮಾತ್ರ.

ಆದಕಾರಣ ಮೊದಲ ಆಯ್ಕೆಯ ಸೂತ್ರವನ್ನು ನಾನು ಹೀಗೆ ಇಟ್ಟುಕೊಂಡಿದ್ದೇನೆ: ಎದುರಾಳಿಯ ಆಟಗಾರರು ಒಬ್ಬೊಬ್ಬರಾಗಿ ಗಟ್ಟಿಯಾಗಿದ್ದು ಪರಸ್ಪರ ಮಾತಾಡದವರಾದರೆ ಒಳಕ್ಕೆ ತಿರುಗುವವನು, ಅವರ ಹೊಂದಾಣಿಕೆ ಚೆನ್ನಾಗಿದ್ದು ಲೆಫ್ಟ್ ಬ್ಯಾಕ್ ಒಬ್ಬನೇ ನಿಧಾನಿ ಅಥವಾ ಅಳುಕಿನವನಾದರೆ ಗೆರೆ ಹಿಡಿದವನು. ಮೊದಲ ಹತ್ತು ನಿಮಿಷ ಅವರ ಸ್ಟಾಪರ್‌ನ ಕೈಯನ್ನು ನೋಡಿದರೆ ಇದು ತಿಳಿಯುತ್ತದೆ. ನಮ್ಮ ವಿಂಗರ್ ಒಳಕ್ಕೆ ಬಂದಾಗ ಸ್ಟಾಪರ್ ಕೈಚಾಚಿ ಒಬ್ಬರ ಹೆಸರು ಕೂಗಿ ಕರೆಯುತ್ತಾನೋ, ಅಥವಾ ಲೆಫ್ಟ್ ಬ್ಯಾಕ್ ಮತ್ತು ಮಿಡ್‌ಫೀಲ್ಡರ್ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೋ ಎಂಬುದರಲ್ಲಿಯೇ ಉತ್ತರವಿದೆ.

ಗೋಲು ಎಷ್ಟು ಅಗಲ ಕಾಣುತ್ತದೆ

ಎರಡು ದಾರಿಗಳಿಂದಲೂ ಕೊನೆಗೆ ಸಿಗುವ ಹೊಡೆತ ಒಂದೇ ಗುಣದ್ದಲ್ಲ. ಗೋಲಿನ ಅಗಲ 7.32 ಮೀಟರ್, ಆದರೆ ನಿಂತ ಜಾಗದಿಂದ ಅದು ತೆರೆದುಕೊಳ್ಳುವ ಕೋನ ಬೇರೆ ಬೇರೆ. ಪೆನಾಲ್ಟಿ ಬಾಕ್ಸ್‌ನ ಹೊರ ಮೂಲೆಯಲ್ಲಿ ನಿಂತವನಿಗೆ ಎರಡು ಕಂಬಗಳ ನಡುವಿನ ಕೋನ ಸುಮಾರು 10 ಡಿಗ್ರಿ. ಅವನು ಬಾಕ್ಸ್‌ನ ಗೆರೆಯಗುಂಟ 10 ಮೀಟರ್ ಒಳಗೆ ಬಂದರೆ ಅದು 18 ಡಿಗ್ರಿ ದಾಟುತ್ತದೆ. ಒಳಕ್ಕೆ ತಿರುಗುವವನು ಹೆಜ್ಜೆಹೆಜ್ಜೆಗೂ ತನ್ನ ಮುಂದಿನ ಗೋಲನ್ನು ಅಗಲ ಮಾಡಿಕೊಳ್ಳುತ್ತ ಹೋಗುತ್ತಾನೆ. ಜೊತೆಗೆ ಎಡಗಾಲಿನ ಒಳಬದಿಯಿಂದ ಒದ್ದ ಚೆಂಡು ಎಡದಿಂದ ಬಲಕ್ಕೆ ಬಾಗುವುದರಿಂದ, ಅದು ದೂರದ ಕಂಬದ ಆಚೆಗೆ ಹೊರಟಂತೆ ಕಂಡು ತಿರುಗಿ ಒಳಬರುತ್ತದೆ. ನಡುವೆ ನಿಂತ ಸ್ಟಾಪರ್ ಗೋಲ್‌ಕೀಪರ್‌ನ ಕಣ್ಣಿಗೆ ಅಡ್ಡವಾಗುವುದೂ ಉಂಟು.

ಗೆರೆ ಹಿಡಿದು ಓಡಿದವನಿಗೆ ಇದಕ್ಕೆ ವಿರುದ್ಧ. ಗೋಲ್ ಗೆರೆಯಿಂದ 2 ಮೀಟರ್ ಈಚೆಗೆ, ಗೋಲಿನ ನಡುಭಾಗದಿಂದ 12 ಮೀಟರ್ ಬದಿಗೆ ಬಂದು ನಿಂತವನಿಗೆ ಕೋನ ಸುಮಾರು 6 ಡಿಗ್ರಿ ಮಾತ್ರ. ಅಲ್ಲಿಂದ ಅವನೇ ಗೋಲಿಗೆ ಒದೆಯುವುದು ಬಹುಮಟ್ಟಿಗೆ ವ್ಯರ್ಥ. ಆದರೆ ಅಲ್ಲಿಂದ ಹಿಂದಕ್ಕೆ, ಪೆನಾಲ್ಟಿ ಗುರುತಿನತ್ತ ಚೆಂಡು ತಳ್ಳಿದರೆ, ಓಡಿಬಂದ ಜೊತೆಗಾರನಿಗೆ ತೆರೆದುಕೊಳ್ಳುವ ಕೋನ 36 ಡಿಗ್ರಿಗಿಂತ ಹೆಚ್ಚು. ಒಳಕ್ಕೆ ತಿರುಗಿದವನಿಗೆ ಸಿಕ್ಕಿದ್ದರ ಎರಡರಷ್ಟು. ಅದಕ್ಕಿಂತ ಮುಖ್ಯವಾದದ್ದು, ಆ ಹೊತ್ತಿಗೆ ಎದುರಾಳಿಯ ರಕ್ಷಕರೆಲ್ಲರೂ ತಮ್ಮ ಗೋಲಿನ ಕಡೆಗೇ ಮುಖಮಾಡಿ ಓಡುತ್ತಿರುತ್ತಾರೆ. ಬೆನ್ನ ಹಿಂದಿನಿಂದ ಬರುವವನು ಅವರಿಗೆ ಕಾಣುವುದಿಲ್ಲ. ಚೆಂಡಿಗಿಂತ ಹಿಂದೆ ಇರುವವನಿಗೆ ಆಫ್‌ಸೈಡ್ ಇಲ್ಲವಾದ್ದರಿಂದ ಅವನು ನಿರ್ಭಯವಾಗಿ ಬರಬಹುದು. 1953ರ ಮೇ 2ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಎಫ್‌ಎ ಕಪ್ ಫೈನಲ್‌ನಲ್ಲಿ, 3–1ರಿಂದ ಹಿಂದಿದ್ದ ಬ್ಲ್ಯಾಕ್‌ಪೂಲ್ ತಂಡ ಬೋಲ್ಟನ್ ವಿರುದ್ಧ 4–3ರಿಂದ ಗೆದ್ದದ್ದು ಹೀಗೆಯೇ: ಬಲಬದಿಯಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್ ಹೊರಗಡೆಯಿಂದ ದಾಟಿ ಹೋಗಿ ಹಿಂದಕ್ಕೆ ತಳ್ಳಿದ ಚೆಂಡನ್ನು ಬಿಲ್ ಪೆರಿ ಕೊನೆಯ ಕ್ಷಣಗಳಲ್ಲಿ ಗೋಲಿಗೆ ಸೇರಿಸಿದರು.

ಎತ್ತರದ ಕ್ರಾಸ್‌ನಲ್ಲಿಯೂ ಈ ಅಂತರವಿದೆ. ಬಲಬದಿಯಿಂದ ಬಲಗಾಲಿನಲ್ಲಿ ಎತ್ತಿದ ಚೆಂಡು ಗೋಲಿನಿಂದ ದೂರಕ್ಕೆ ಬಾಗಿ, ಎದುರಿನಿಂದ ಓಡಿಬರುವ ನಮ್ಮ ಸ್ಟ್ರೈಕರ್‌ನ ತಲೆಗೆ ಬರುತ್ತದೆ. ಎಡಗಾಲಿನಲ್ಲಿ ಎತ್ತಿದ್ದು ಗೋಲಿನತ್ತಲೇ ಬಾಗುತ್ತದೆ, ಯಾರೂ ಮುಟ್ಟದಿದ್ದರೂ ದೂರದ ಕಂಬದೊಳಗೆ ಬೀಳಬಹುದೆಂಬ ಭಯ ಗೋಲ್‌ಕೀಪರ್‌ನನ್ನು ಗೆರೆಯ ಮೇಲೆಯೇ ಕಟ್ಟಿಹಾಕುತ್ತದೆ. ತಲೆಯಾಟದಲ್ಲಿ ಎತ್ತರದ ಸ್ಟ್ರೈಕರ್ ನಮಗಿದ್ದರೆ ಮೊದಲನೆಯದು ಲಾಭ. ಇಲ್ಲದಿದ್ದರೆ ಎರಡನೆಯದು.

ಲೆಫ್ಟ್ ಬ್ಯಾಕ್‌ನ ಕಾಲು

ಈಗ ನಮ್ಮ ಭಾಗದ ಆಟಕ್ಕೆ ವಿಶೇಷವಾಗಿ ಅನ್ವಯಿಸುವ, ಪುಸ್ತಕದ ಮಾತು ತಲೆಕೆಳಗಾಗುವ ವಿಷಯಕ್ಕೆ ಬರುತ್ತೇನೆ. ದೊಡ್ಡ ಮಟ್ಟದ ತಂಡಗಳಲ್ಲಿ ಲೆಫ್ಟ್ ಬ್ಯಾಕ್ ಸಾಮಾನ್ಯವಾಗಿ ಎಡಗಾಲಿನವನೇ ಆಗಿರುತ್ತಾನೆ. ಅವನ ಎಡಗಾಲು ಬದಿಗೆರೆಯ ಕಡೆಗೆ, ಬಲಗಾಲು ಮೈದಾನದ ಒಳಗಡೆಗೆ ಇರುತ್ತದೆ. ಬಲಬದಿಯ ವಿಂಗರ್ ಒಳಕ್ಕೆ ತಿರುಗಿದಾಗ ಅವನು ಪಳಗದ ಬಲಗಾಲನ್ನು ಚಾಚಿ ತಡೆಯಬೇಕಾಗುತ್ತದೆ. ತಡವಾಗುತ್ತದೆ, ಅಥವಾ ಫೌಲ್ ಆಗುತ್ತದೆ. ಬಲಬದಿಯಿಂದ ಒಳಕ್ಕೆ ತಿರುಗುತ್ತಿದ್ದ ಎಡಗಾಲಿನ ಅರ್ಯನ್ ರಾಬೆನ್ ಮುಂದಿನ ಕ್ಷಣ ಏನು ಮಾಡುತ್ತಾರೆಂದು ಎಲ್ಲ ರಕ್ಷಕರಿಗೂ ಗೊತ್ತಿದ್ದೂ ತಡೆಯಲಾಗದೆ ಹೋದದ್ದಕ್ಕೆ ಅವರ ವೇಗ ಮತ್ತು ತಿರುಗುವ ಕ್ಷಣದ ಆಯ್ಕೆಯ ಜೊತೆಗೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ನಮ್ಮ ಕಾಲೇಜು ತಂಡಗಳಲ್ಲಿ ಎಡಗಾಲಿನ ಹುಡುಗರೇ ವಿರಳ. ಇದ್ದ ಒಬ್ಬಿಬ್ಬರನ್ನು ಎಲ್ಲರೂ ಮುಂದಿನ ಸಾಲಿಗೆ ಹಾಕುತ್ತಾರೆ. ಹೀಗಾಗಿ ಕಲಬುರಗಿ, ಬೀದರ, ಯಾದಗಿರಿಯ ತಂಡಗಳಲ್ಲಿ ನಾನು ಕಂಡ ಲೆಫ್ಟ್ ಬ್ಯಾಕ್‌ಗಳಲ್ಲಿ ಹೆಚ್ಚಿನವರು ಬಲಗಾಲಿನವರು. ಅಂಥವನ ಎದುರು ಒಳಕ್ಕೆ ತಿರುಗುವುದೆಂದರೆ ಅವನ ಪಳಗಿದ ಕಾಲಿಗೆ ಚೆಂಡನ್ನು ನಾವೇ ತಂದು ಕೊಟ್ಟಂತೆ. ಅವನ ಪಳಗದ ಎಡಗಾಲು ಇರುವುದು ಗೆರೆಯ ಕಡೆಗೆ. ಅವನು ತೊಡರುವುದೂ ಅಲ್ಲಿಯೇ. ನಮ್ಮಲ್ಲಿ ಬಲಗಾಲಿನ ವೇಗದ ಹುಡುಗನೊಬ್ಬ ಗೆರೆ ಹಿಡಿದು ಓಡುವುದು ಹಳೆಯ ಕಾಲದ ಆಟದಂತೆ ಕಂಡರೂ, ಇಂಥ ಎದುರಾಳಿಗೆ ಅದೇ ಸರಿಯಾದ ಪ್ರಶ್ನೆ.

ಇದನ್ನು ನಾನು ಕಲಿತದ್ದು ಒಂದು ಪಂದ್ಯದಲ್ಲಿ ಪೆಟ್ಟು ತಿಂದ ಮೇಲೆ. ಕಲಬುರಗಿಯ ಒಂದು ಎರೆಮಣ್ಣಿನ ಮೈದಾನದಲ್ಲಿ, ಫೆಬ್ರುವರಿ ತಿಂಗಳ ಸಂಜೆ, ಬೀದರದ ಕಡೆಯ ಒಂದು ಕಾಲೇಜಿನ ತಂಡದೊಂದಿಗೆ ಆಡುತ್ತಿದ್ದೆವು. ಬಿ.ಎ. ಎರಡನೆಯ ವರ್ಷದ ನಮ್ಮ ಎಡಗಾಲಿನ ಹುಡುಗನನ್ನು ಬಲಬದಿಗೆ ಹಾಕಿದ್ದೆ. ಮೊದಲ ಅರ್ಧದಲ್ಲಿ ಅವನು ಆರು ಸಲ ಒಳಕ್ಕೆ ತಿರುಗಿದ. ನಾಲ್ಕು ಸಲ ಲೆಫ್ಟ್ ಬ್ಯಾಕ್‌ನ ಬಲಗಾಲು ಚೆಂಡನ್ನು ಸಲೀಸಾಗಿ ಕಿತ್ತುಕೊಂಡಿತು. ಒಂದು ಹೊಡೆತ ಎದುರಿಗಿದ್ದವನ ಮೊಣಕಾಲಿಗೆ ಬಡಿಯಿತು. ಒಂದಕ್ಕೆ ಫ್ರೀ ಕಿಕ್ ಸಿಕ್ಕಿತು, ಅದೂ ಫಲ ಕೊಡಲಿಲ್ಲ. ನಾಲ್ಕರಲ್ಲಿ ಒಂದು ಸಲ ಕಳೆದುಕೊಂಡ ಚೆಂಡು ಮೈದಾನದ ನಡುವಿನಿಂದ ನೇರವಾಗಿ ನಮ್ಮ ಸ್ಟಾಪರ್‌ಗಳ ಮೇಲೆ ಬಂದು ಗೋಲಾಯಿತು. ವಿರಾಮದಲ್ಲಿ ನೀರು ಕುಡಿಯುತ್ತ ಆ ಹುಡುಗ ಹೇಳಿದ ಮಾತು ಇಂದಿಗೂ ನೆನಪಿದೆ: “ಸರ್, ನಾ ಒಳಗ ಬಂದ್ರ ಅಂವಾ ಕಾಲ ಮುಂದಿಟ್ಟ ಕಾಯಾಕತ್ಯಾನ್ರಿ. ಹೊರಗ ಹೋಗೋಣಂದ್ರ ನಂಗ ಬಲಗಾಲು ನಡಿಯಂಗಿಲ್ರಿ.” ಸಮಸ್ಯೆಯ ಎರಡೂ ತುದಿಗಳನ್ನು ಅವನು ಎರಡೇ ವಾಕ್ಯಗಳಲ್ಲಿ ಹೇಳಿದ್ದ.

ಎರಡನೆಯ ಅರ್ಧಕ್ಕೆ ಅವನನ್ನು ಎಡಬದಿಗೆ ಕಳಿಸಿ, ಅಲ್ಲಿದ್ದ ಬಲಗಾಲಿನ ಹುಡುಗನನ್ನು ಬಲಬದಿಗೆ ತಂದೆ. ಚೆಂಡು ಕಾಲಿಗೆ ಬರುವವರೆಗೂ ಒಂದು ಪಾದ ಗೆರೆಯ ಮೇಲೆಯೇ ಇರಬೇಕು ಎಂದು ಅವನಿಗೆ ಹೇಳಿದ್ದೆ. ಮೊದಲ ಸಲ ಅವನು ದಾಟಿ ಹೋದಾಗ ಎತ್ತಿದ ಕ್ರಾಸ್ ಗೋಲಿನ ಹಿಂದಕ್ಕೆ ಹೋಯಿತು. ಎರಡನೆಯ ಸಲ ಲೆಫ್ಟ್ ಬ್ಯಾಕ್ ಎಡಗಾಲು ಚಾಚಿ ತಪ್ಪಿದ; ನಮ್ಮವನು ಗೋಲ್ ಗೆರೆಯಿಂದ ಮೂರು ಹೆಜ್ಜೆ ಈಚೆಗೆ ನಿಂತು ಚೆಂಡನ್ನು ಹಿಂದಕ್ಕೆ ತಳ್ಳಿದ, ಗೋಲ್‌ಕೀಪರ್ ಹೇಗೋ ತಡೆದ. ಆ ನಂತರ ಲೆಫ್ಟ್ ಬ್ಯಾಕ್ ತನ್ನಷ್ಟಕ್ಕೆ ತಾನೇ ಐದಾರು ಹೆಜ್ಜೆ ಹಿಂದೆ ನಿಲ್ಲತೊಡಗಿದ. ಒಬ್ಬ ರಕ್ಷಕ ಸೋಲೊಪ್ಪುತ್ತಿರುವ ಮೊದಲ ಗುರುತು ಇದೇ. ಮೂರನೆಯ ಸಲ ಅದೇ ತಳ್ಳಿದ ಚೆಂಡು ಗೋಲಾಗಿ ಪಂದ್ಯ 1–1ರಲ್ಲಿ ಮುಗಿಯಿತು.

ಒಂದು ಪಂದ್ಯದಿಂದ ನಿಯಮ ಮಾಡಬಾರದು ಎಂಬುದು ನನಗೂ ಗೊತ್ತು. ಆ ಲೆಫ್ಟ್ ಬ್ಯಾಕ್ ದಣಿದಿದ್ದನೆಂಬುದೂ ನಿಜ. ಆದರೆ ಅದೇ ವರ್ಷ ಬೀದರದಲ್ಲಿ ಇನ್ನೊಂದು ತಂಡದ ಎದುರು ನಿಜವಾಗಿಯೂ ಎಡಗಾಲಿನ ಲೆಫ್ಟ್ ಬ್ಯಾಕ್ ಸಿಕ್ಕಾಗ, ಗೆರೆ ಹಿಡಿದ ಹುಡುಗನಿಗೆ ಅರ್ಧ ಗಂಟೆ ಏನೂ ದಕ್ಕಲಿಲ್ಲ. ಎಡಗಾಲಿನ ಹುಡುಗನನ್ನು ಬಲಬದಿಗೆ ತಂದ ಮೇಲೆಯೇ ಅವರ ಸಾಲು ಒಡೆಯಿತು.

ಹಿಂದೆ ಯಾರಿದ್ದಾರೆ

ಒಳಕ್ಕೆ ತಿರುಗುವವನು ಒಂಟಿಯಾಗಿ ಆಡಿದರೆ ಅವನನ್ನು ತಡೆಯುವುದು ಕಷ್ಟವಲ್ಲ. ಲೆಫ್ಟ್ ಬ್ಯಾಕ್ ಒಳಮಗ್ಗುಲಿಗೆ ಒಂದು ಗಜ ಸರಿದು, ಮೈಯನ್ನು ಓರೆಯಾಗಿಸಿ, ಗೆರೆಯ ದಾರಿಯನ್ನು ತಾನೇ ಬಿಟ್ಟುಕೊಡುತ್ತಾನೆ: ಬೇಕಾದರೆ ಪಳಗದ ಕಾಲಿನಲ್ಲಿ ಅತ್ತ ಹೋಗು ಎಂಬಂತೆ. ಈ ಉಪಾಯವನ್ನು ಮುರಿಯುವವನು ನಮ್ಮ ರೈಟ್ ಬ್ಯಾಕ್. ಅವನು ವಿಂಗರ್‌ನ ಹೊರಗಡೆಯಿಂದ ಗೆರೆಯಗುಂಟ ಮುನ್ನುಗ್ಗಿದರೆ, ಬಿಟ್ಟುಕೊಟ್ಟ ದಾರಿಯೇ ಲೆಫ್ಟ್ ಬ್ಯಾಕ್‌ಗೆ ಅಪಾಯವಾಗುತ್ತದೆ. ಬಾಯರ್ನ್‌ನಲ್ಲಿ ರಾಬೆನ್ ಅವರ ಹಿಂದೆ ಫಿಲಿಪ್ ಲಾಮ್ ಇದ್ದರು. ಲಾಮ್ ಓಡಿದ ಓಟಗಳಲ್ಲಿ ಎಷ್ಟೋ ಸಲ ಅವರಿಗೆ ಚೆಂಡು ಬರುತ್ತಲೇ ಇರಲಿಲ್ಲ. ಆ ಓಟ ಎದುರಾಳಿಯನ್ನು ಅರೆಕ್ಷಣ ಹೊರಕ್ಕೆ ಎಳೆದರೆ ರಾಬೆನ್ ಅವರಿಗೆ ಅಷ್ಟೇ ಸಾಕಾಗಿತ್ತು.

ನಮ್ಮಲ್ಲಿ ಇಲ್ಲಿಯೇ ತೊಡಕು. ರೈಟ್ ಬ್ಯಾಕ್ ಪ್ರತಿಸಲವೂ 40–50 ಮೀಟರ್ ಮುಂದೆ ಓಡಿ, ಅಷ್ಟೇ ದೂರ ಹಿಂದಿರುಗಬೇಕು. ಮಾರ್ಚ್ ಕಳೆದ ಮೇಲೆ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಸಂಜೆ ನಾಲ್ಕಕ್ಕೆ ಆರಂಭಿಸಿದರೂ ನೆಲ ಕಾವು ಬಿಟ್ಟಿರುವುದಿಲ್ಲ. ಅರ್ಧ ಗಂಟೆಯ ನಂತರ ಆ ಓಟ ನಿಂತುಹೋಗುತ್ತದೆ. ಅದು ನಿಂತಿತೆಂದು ತರಬೇತುದಾರನಿಗಿಂತ ಮೊದಲು ಎದುರಾಳಿಯ ಲೆಫ್ಟ್ ಬ್ಯಾಕ್‌ಗೆ ಗೊತ್ತಾಗುತ್ತದೆ, ಏಕೆಂದರೆ ಅವನು ಭುಜದ ಮೇಲಿಂದ ಹೊರಗಡೆ ನೋಡುವುದನ್ನು ಬಿಡುತ್ತಾನೆ. ಆ ಗುರುತು ಕಂಡ ಕೂಡಲೇ ರೈಟ್ ಬ್ಯಾಕ್‌ನನ್ನು ಬದಲಿಸಬೇಕು, ಇಲ್ಲವೇ ವಿಂಗರ್‌ನನ್ನು.

ಚೆಂಡು ಕಳೆದುಕೊಂಡಾಗಿನ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೆರೆ ಹಿಡಿದವನು ಸೋತರೆ ಚೆಂಡು ಬಹಳ ಸಲ ಹೊರಗೇ ಹೋಗುತ್ತದೆ. ಎದುರಾಳಿಗೆ ಥ್ರೋ ಸಿಕ್ಕರೂ ನಮ್ಮವರು ಜಾಗಕ್ಕೆ ಮರಳಲು ಸಮಯವಿರುತ್ತದೆ. ಒಳಕ್ಕೆ ತಿರುಗಿದವನು ಸೋಲುವುದು ಮೈದಾನದ ನಡುಭಾಗದ ಹತ್ತಿರ, ಅದೂ ನಮ್ಮ ರೈಟ್ ಬ್ಯಾಕ್ ಮುಂದಕ್ಕೆ ಹೋಗಿರುವ ಹೊತ್ತಿನಲ್ಲಿ. ಮೇಲೆ ಹೇಳಿದ ಪಂದ್ಯದಲ್ಲಿ ನಮ್ಮ ಮೇಲೆ ಆದ ಗೋಲಿಗೆ ರೈಟ್ ಬ್ಯಾಕ್ ಮುಂದೆ ಹೋಗದೆ ಇದ್ದರೂ ಈ ನಡುಭಾಗದ ನಷ್ಟವೇ ಕಾರಣವಾಗಿತ್ತು. ಆದ್ದರಿಂದ ಈ ಬಗೆಯ ವಿಂಗರ್‌ನನ್ನು ಆಡಿಸುವವರು ಒಬ್ಬ ಮಿಡ್‌ಫೀಲ್ಡರ್‌ನನ್ನು ಕದಲದಂತೆ ಅವನ ಹಿಂದೆ ಹತ್ತು ಹದಿನೈದು ಮೀಟರ್ ದೂರದಲ್ಲಿ ನಿಲ್ಲಿಸಲೇಬೇಕು ಎಂಬುದು ನನ್ನ ಕಟ್ಟುನಿಟ್ಟಾದ ಮಾತು. ಅಂಥ ಆಳು ಇಲ್ಲದ ತಂಡಕ್ಕೆ ಈ ಆಟ ದುಬಾರಿ.

ಆದರೆ ಒಳಕ್ಕೆ ತಿರುಗುವುದರಿಂದ ಸಿಗುವ ಇನ್ನೊಂದು ಲಾಭವನ್ನು ಮರೆಯಬಾರದು. ಚೆಂಡು ಒಳಗೆ ಬಂದಾಗ ಎದುರಾಳಿಯ ಇಡೀ ಸಾಲು ಅತ್ತ ಕುಗ್ಗುತ್ತದೆ, ಆಚೆಯ ಬದಿ ತೆರೆಯುತ್ತದೆ. ಅದೇ ಯುರೋದ ಫೈನಲ್‌ನಲ್ಲಿ, ಬರ್ಲಿನ್‌ನಲ್ಲಿ ಇಂಗ್ಲೆಂಡ್ ವಿರುದ್ಧ 47ನೇ ನಿಮಿಷದಲ್ಲಿ ಯಮಾಲ್ ಬಲಬದಿಯಿಂದ ಒಳಬಂದು ಅಡ್ಡಲಾಗಿ ಕೊಟ್ಟ ಚೆಂಡು ಎಡಬದಿಯಿಂದ ಓಡಿಬಂದ ನಿಕೊ ವಿಲಿಯಮ್ಸ್ ಅವರ ಗೋಲಾಯಿತು. ಇದಕ್ಕೆ ಆಚೆಯ ಬದಿಯವನು ಅಗಲವಾಗಿ ನಿಂತಿರಬೇಕು. ಎರಡೂ ಬದಿಯ ವಿಂಗರ್‌ಗಳನ್ನು ಒಳಕ್ಕೆ ತಿರುಗಿಸುವ ತಂಡ ತನ್ನ ಜಾಗವನ್ನು ತಾನೇ ಕಿರಿದು ಮಾಡಿಕೊಳ್ಳುತ್ತದೆ. ರೈಟ್ ಬ್ಯಾಕ್, ಲೆಫ್ಟ್ ಬ್ಯಾಕ್ ಇಬ್ಬರೂ ಓಡಬಲ್ಲವರಲ್ಲದಿದ್ದರೆ ಅದನ್ನು ನಾನು ಒಪ್ಪುವುದಿಲ್ಲ.

ಮೈದಾನದ ಅಗಲ

ಟಿವಿಯಲ್ಲಿ ಕಾಣದ ಒಂದು ಅಂಶ ಉಳಿದಿದೆ. ನಿಯಮದ ಪ್ರಕಾರ ಸಾಮಾನ್ಯ ಪಂದ್ಯದ ಮೈದಾನ 45 ಮೀಟರಿನಿಂದ 90 ಮೀಟರಿನವರೆಗೆ ಎಷ್ಟು ಅಗಲವಾದರೂ ಇರಬಹುದು, ಆದರೆ ಪೆನಾಲ್ಟಿ ಬಾಕ್ಸ್‌ನ ಅಗಲ ಮಾತ್ರ ಎಲ್ಲೆಡೆ 40.3 ಮೀಟರ್. 68 ಮೀಟರ್ ಮೈದಾನದಲ್ಲಿ ಬಾಕ್ಸ್‌ಗೂ ಬದಿಗೆರೆಗೂ ನಡುವೆ ಸುಮಾರು 14 ಮೀಟರ್ ಪಟ್ಟಿ ಇರುತ್ತದೆ. ನಮ್ಮ ಆ ಪಂದ್ಯದ ಮೈದಾನವನ್ನು ಟೇಪ್ ಹಿಡಿದು ಅಳೆದಾಗ ಅಗಲ 56 ಮೀಟರ್ ಬಂತು. ಅಲ್ಲಿ ಆ ಪಟ್ಟಿ 8 ಮೀಟರಿಗಿಂತ ಕಡಿಮೆ. ಪಟ್ಟಿ ಕಿರಿದಾದಷ್ಟೂ ಲೆಫ್ಟ್ ಬ್ಯಾಕ್ ಗೆರೆಯವರೆಗೆ ಹೋದರೂ ಸ್ಟಾಪರ್‌ನಿಂದ ದೂರವಾಗುವುದಿಲ್ಲ. ಗೆರೆ ಹಿಡಿದವನು ಹುಟ್ಟಿಸುವ ‘ಎಷ್ಟು ದೂರ’ ಎಂಬ ಪ್ರಶ್ನೆ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಒಳಕ್ಕೆ ತಿರುಗುವವನಿಗೆ ಇದರಿಂದ ಲಾಭವೂ ಇದೆ, ನಷ್ಟವೂ ಇದೆ: ಗೋಲು ಹತ್ತಿರ, ಆದರೆ ಒಳಗಿನ ಗುಂಪು ದಟ್ಟ.

ನೆಲದ ಗುಣವೂ ಆಯ್ಕೆಯಲ್ಲಿ ಕೈಯಾಡಿಸುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ, ಓಡುತ್ತಲೇ ಚೆಂಡನ್ನು ಒಂದು ಕಾಲಿನಿಂದ ಒಳಕ್ಕೆ ಎಳೆದು ಮರುಹೆಜ್ಜೆಗೆ ಒದೆಯುವುದು ಬಹಳ ಕಷ್ಟ, ಏಕೆಂದರೆ ಆ ಒಂದು ಹೆಜ್ಜೆಯಲ್ಲಿ ಚೆಂಡು ಪುಟಿದು ಮೊಣಕಾಲಿಗೆ ಬರುತ್ತದೆ. ಚೆಂಡನ್ನು ಮುಂದಕ್ಕೆ ಉದ್ದವಾಗಿ ತಳ್ಳಿ ಹಿಂಬಾಲಿಸುವ ಗೆರೆಯ ಓಟಕ್ಕೆ ಅಷ್ಟು ನಯವಾದ ನೆಲ ಬೇಕಿಲ್ಲ. ಆದರೆ ಅವನಿಗೆ ಚೆಂಡು ತಲುಪಿಸುವುದೇ ಬೇರೆ ತೊಂದರೆ: ನಡುವಿನಿಂದ ಗೆರೆಗೆ 25–30 ಮೀಟರ್ ಪಾಸ್ ಒರಟು ನೆಲದ ಮೇಲೆ ನಿಧಾನವಾಗಿ ಉರುಳಿದರೆ ಲೆಫ್ಟ್ ಬ್ಯಾಕ್ ಅದಕ್ಕಿಂತ ಮೊದಲು ಬಂದು ನಿಂತಿರುತ್ತಾನೆ. ಎತ್ತಿ ಕೊಡಬಲ್ಲ ಮಿಡ್‌ಫೀಲ್ಡರ್ ಇಲ್ಲದ ತಂಡದಲ್ಲಿ ಗೆರೆ ಹಿಡಿದ ಹುಡುಗ ಇಡೀ ಸಂಜೆ ಚೆಂಡಿಗಾಗಿ ಕಾಯುತ್ತ ನಿಲ್ಲುವುದನ್ನು ನಾನು ಕಂಡಿದ್ದೇನೆ. ಆ ತಪ್ಪು ಹುಡುಗನದಲ್ಲ.

ಆಯ್ಕೆ ಮಾಡುವಾಗ

ಪಂದ್ಯದ ದಿನ ನಾನು ಬೇಗ ಹೋಗಿ ಎರಡು ಕೆಲಸ ಮಾಡುತ್ತೇನೆ. ಬಾಕ್ಸ್‌ನ ಮೂಲೆಯಿಂದ ಬದಿಗೆರೆಯವರೆಗೆ ಹೆಜ್ಜೆ ಎಣಿಸುತ್ತೇನೆ. ದೊಡ್ಡ ಹೆಜ್ಜೆಯಲ್ಲಿ ಹತ್ತಕ್ಕಿಂತ ಕಡಿಮೆ ಬಂದರೆ ಅದು ಕಿರಿದಾದ ಮೈದಾನ. ಆಮೇಲೆ ಎದುರಾಳಿಗಳು ಮೈ ಕಾಯಿಸಿಕೊಳ್ಳುವಾಗ ಅವರ ಲೆಫ್ಟ್ ಬ್ಯಾಕ್ ಉದ್ದನೆಯ ಚೆಂಡನ್ನು ಯಾವ ಕಾಲಿನಿಂದ ಒದೆಯುತ್ತಾನೆಂದು ನೋಡುತ್ತೇನೆ. ಹತ್ತಿರದ ಪಾಸ್‌ಗಳನ್ನು ನೋಡಿ ಪ್ರಯೋಜನವಿಲ್ಲ, ಅವನ್ನು ಯಾರಾದರೂ ಎರಡೂ ಕಾಲಿನಲ್ಲಿ ಕೊಡುತ್ತಾರೆ.

ಎಡಗಾಲಿನ ಲೆಫ್ಟ್ ಬ್ಯಾಕ್, ಓಡಬಲ್ಲ ನಮ್ಮ ರೈಟ್ ಬ್ಯಾಕ್, ಹಿಂದೆ ನಿಲ್ಲುವ ಮಿಡ್‌ಫೀಲ್ಡರ್ ಇವು ಮೂರೂ ಇದ್ದರೆ ಒಳಕ್ಕೆ ತಿರುಗುವವನನ್ನೇ ಹಾಕುತ್ತೇನೆ. ಬಲಗಾಲಿನ ಲೆಫ್ಟ್ ಬ್ಯಾಕ್ ಮತ್ತು ಅಗಲವಾದ ಮೈದಾನ ಇದ್ದರೆ ಗೆರೆ ಹಿಡಿಯುವವನನ್ನು. ತೀರ್ಮಾನ ಕಷ್ಟವಾಗುವುದು ಲೆಫ್ಟ್ ಬ್ಯಾಕ್ ಬಲಗಾಲಿನವನಾಗಿದ್ದು ಮೈದಾನವೂ ಕಿರಿದಾಗಿರುವಾಗ, ಏಕೆಂದರೆ ಆಗ ಕಾಲು ಒಂದು ಮಾತು ಹೇಳುತ್ತದೆ, ಅಗಲ ಇನ್ನೊಂದು ಹೇಳುತ್ತದೆ. ಅಂಥ ದಿನ ನಾನು ಕಾಲಿನ ಮಾತನ್ನೇ ಕೇಳುತ್ತೇನೆ. ಬಲಗಾಲಿನ ಹುಡುಗನನ್ನು ಬಲಬದಿಯ ಗೆರೆಗೆ ನಿಲ್ಲಿಸಿ, ಎತ್ತರದ ಕ್ರಾಸ್ ಬೇಡ, ಗೋಲ್ ಗೆರೆಯವರೆಗೆ ಹೋಗಿ ಚೆಂಡನ್ನು ನೆಲದ ಮೇಲೆಯೇ ಹಿಂದಕ್ಕೆ ತಳ್ಳು ಎಂದು ಹೇಳುತ್ತೇನೆ. ಕಿರಿದಾದ ಮೈದಾನದಲ್ಲಿ ಅವನು ಗೋಲ್ ಗೆರೆ ಮುಟ್ಟುವ ಜಾಗದಿಂದ ಪೆನಾಲ್ಟಿ ಗುರುತು ಅಷ್ಟು ದೂರವಿರುವುದಿಲ್ಲ, ಮತ್ತು ಆ ಪಾಸ್‌ನ ದಾರಿಯಲ್ಲಿ ಅಡ್ಡಬರುವ ಮೊದಲ ಕಾಲು ಆ ಲೆಫ್ಟ್ ಬ್ಯಾಕ್‌ನ ಪಳಗದ ಎಡಗಾಲೇ ಆಗಿರುತ್ತದೆ.